ತಪ್ಪುಗಳು ಯಾವ ತಾಸಿನಲ್ಲಿ ಆಗುತ್ತವೆ?

(ವಿಜಯಪುರದಲ್ಲಿ ಸಣ್ಣ ವ್ಯಾಪಾರಿಗಳು ಮತ್ತು ಅವರ ಲೆಕ್ಕ ನೋಡಿಕೊಳ್ಳುವವರ ಒಂದು ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಗೆ ಕೇಳಿದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಬಿಲ್ಲಿನ ಕಥೆಯಿಂದ ಶುರು ಮಾಡುತ್ತೇನೆ. ತಿಕೋಟಾ ಕಡೆಯ ಒಬ್ಬ ವ್ಯಾಪಾರಿ ಸಾಂಗ್ಲಿಗೆ ಮಣೂಕ ಕಳಿಸಿದ್ದರು. ಮಾಲಿನ ಬೆಲೆ 2 ಲಕ್ಷ 40 ಸಾವಿರ. ಒಣದ್ರಾಕ್ಷಿಗೆ ಶೇಕಡಾ 5 ತೆರಿಗೆ ಅಂದರೆ 12,000 ರೂಪಾಯಿ. ಕೊಂಡವರ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ 27. ಅದು ಮಹಾರಾಷ್ಟ್ರ. ನಮ್ಮದು 29. ಅಂದ ಮೇಲೆ ಬೇರೆ ರಾಜ್ಯದ ಮಾರಾಟ, ಐಜಿಎಸ್‌ಟಿ ಬೀಳಬೇಕು. ಆದರೆ ಟ್ಯಾಲಿಯಲ್ಲಿ ಆ ಪಾರ್ಟಿಯ ಲೆಡ್ಜರ್ ಮಾಡುವಾಗ ರಾಜ್ಯದ ಜಾಗದಲ್ಲಿ ಕರ್ನಾಟಕ ಅಂತ ಬಿದ್ದಿತ್ತು. ತೆರಿಗೆ ನಮ್ಮ ರಾಜ್ಯದೊಳಗಿನ ಮಾರಾಟದ ಹಾಗೆ ಆರಾರು ಸಾವಿರ ಒಡೆದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಆಗಿ ಹೋಯಿತು.

ಲೆಡ್ಜರ್ ಮಾಡಿದ್ದು ನಮ್ಮ ಆಫೀಸಿನ ಹುಡುಗ. ಆದರೆ ಪರೀಕ್ಷೆ ಮಾಡಿ ಫೈಲ್ ಮಾಡಿದ್ದು ನಾನು. 27 ಅನ್ನೋ ಅಂಕಿ ನನ್ನ ಕಣ್ಣೆದುರಿಗೇ ಇತ್ತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವನಿಗೆ ಅದು ಕಾಣಲಿಲ್ಲ. ಸಾಂಗ್ಲಿಯವರಿಗೆ ತೆರಿಗೆಯ ಕ್ರೆಡಿಟ್ ಸರಿಯಾಗಿ ಸಿಗಲಿಲ್ಲ, ಅವರು ನಮ್ಮ ವ್ಯಾಪಾರಿಗೆ ಫೋನ್ ಮಾಡಿದರು, ವ್ಯಾಪಾರಿ ನನಗೆ ಮಾಡಿದರು. 12,000 ಐಜಿಎಸ್‌ಟಿ ಹೊಸದಾಗಿ ಕಟ್ಟಿಸಿ, ಮೊದಲು ಕಟ್ಟಿದ 12,000ಕ್ಕೆ ರೀಫಂಡ್ ಅರ್ಜಿ ಹಾಕಬೇಕಾಯಿತು. ದುಡ್ಡು ಮುಳುಗಲಿಲ್ಲ. ಆದರೆ ಆ ಮನುಷ್ಯ ನನ್ನನ್ನು ನಂಬಿ ಬಿಲ್ಲಿನ ಚೀಲ ಕೊಟ್ಟು ಹೋಗುವವರು. ನನಗೆ ಎರಡು ದಿನ ಊಟ ಸೇರಲಿಲ್ಲ.

ಮಾರಾಟ ತೋರಿಸುವ ರಿಟರ್ನ್, ಅಂದರೆ ಜಿಎಸ್‌ಟಿಆರ್-1, ಫೈಲ್ ಆದಾಗ ಮೊಬೈಲಿಗೆ ಬರುವ ಮೆಸೇಜ್ ತೆಗೆದು ನೋಡಿದೆ. ಹತ್ತನೇ ತಾರೀಕು, ರಾತ್ರಿ 11 ಗಂಟೆ 20 ನಿಮಿಷ. ಮರುದಿನ ಕೊನೆಯ ದಿನ. ನನಗೆ ಆ ರಾತ್ರಿ ಚೆನ್ನಾಗಿ ನೆನಪಿದೆ. ನಿದ್ದೆ ಬಂದಿರಲಿಲ್ಲ, ಬೇಜಾರೂ ಇರಲಿಲ್ಲ. ಫೋನ್ ಇಲ್ಲ, ಗಿರಾಕಿ ಇಲ್ಲ, ಗಾಂಧಿ ಚೌಕದ ಗದ್ದಲ ಇಲ್ಲ. ಕೆಲಸ ನೀರು ಹರಿದ ಹಾಗೆ ಸಾಗಿತ್ತು. "ರಾತ್ರಿ ಕೆಲಸ ಅಂದ್ರ ನನ್ನ ಕೆಲಸ" ಅಂತ ಎಲ್ಲರ ಮುಂದೆ ಹೇಳಿಕೊಂಡು ಬಂದವನು ನಾನು. ಆ ಮೆಸೇಜ್ ನೋಡಿದ ಮೇಲೆ ಒಂದು ಅನುಮಾನ ಶುರುವಾಯಿತು. ಚೆನ್ನಾಗಿ ಆಗ್ತಾ ಇದೆ ಅಂತ ಅನಿಸೋದು ಬೇರೆ, ಚೆನ್ನಾಗಿ ಆಗೋದು ಬೇರೆ ಇರಬಹುದಾ?

ಹೊತ್ತು ನೋಡಿ ಕೆಲಸ ಮಾಡಬೇಡಿ, ನಿಮ್ಮ ಶಕ್ತಿ ನೋಡಿ ಮಾಡಿ ಅಂತ ಈಗ ಎಲ್ಲರೂ ಹೇಳುತ್ತಾರೆ. ಮಾತು ಸರಿಯೇ ಇದೆ. ಆದರೆ ಶಕ್ತಿ ಇದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? ಮೈಮನಸ್ಸನ್ನು ಕೇಳಿದರೆ ಸಾಕು ಅಂತ ನಾನು ತಿಳಿದಿದ್ದೆ. ಮೈಮನಸ್ಸು ಸುಳ್ಳು ಹೇಳುತ್ತದೆ ಅನ್ನೋದು ಲೆಕ್ಕ ಇಟ್ಟ ಮೇಲೆ ಗೊತ್ತಾಯಿತು. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ನಮ್ಮ ಕೆಲಸದಲ್ಲಿ ತಲೆ ಬಹಳ ತಿನ್ನುವ ಭಾಗ ಒಂದಿದೆ. ಪ್ರತಿ ತಿಂಗಳು 14ನೇ ತಾರೀಕು ಪೋರ್ಟಲಿನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ. ನಮಗೆ ಮಾಲು ಕೊಟ್ಟವರು ಏನೇನು ತೋರಿಸಿದ್ದಾರೆ ಅನ್ನೋ ಪಟ್ಟಿ ಅದು. ಅದನ್ನು ನಮ್ಮ ಖರೀದಿ ಪುಸ್ತಕದ ಜೊತೆ ತಾಳೆ ನೋಡಿ, 20ರ ಒಳಗೆ ತೆರಿಗೆ ಕಟ್ಟುವ ರಿಟರ್ನ್ 3ಬಿ ಫೈಲ್ ಮಾಡಬೇಕು. ಸರಿ ಇರೋದನ್ನೆಲ್ಲ ಸಾಫ್ಟ್‌ವೇರ್ ತಾನೇ ಹೊಂದಿಸುತ್ತದೆ. ಉಳಿಯೋದು ಕಿರಿಕಿರಿಯವು. ನಮ್ಮಲ್ಲಿ ಬಿಲ್ ನಂಬರ್ 145, ಅಲ್ಲಿ 0145. ನಮ್ಮಲ್ಲಿ ತಾರೀಕು 3, ಅಲ್ಲಿ 8. ಮೊತ್ತದಲ್ಲಿ 18,650 ಇದ್ದದ್ದು 16,850. ಇವನ್ನು ಕಣ್ಣಿಟ್ಟು ಒಂದೊಂದೇ ನೋಡಬೇಕು. ಇಲ್ಲಿ ಒಂದು ಸಾಲು ತಪ್ಪಿದರೆ ಯಾರೂ ತಕ್ಷಣ ಕೂಗಿ ಹೇಳುವುದಿಲ್ಲ, ಮುಂದೆ ಯಾವಾಗಲೋ ನೋಟಿಸು ಹೇಳುತ್ತದೆ.

ಪರೀಕ್ಷೆಗೆ ಈ ಕೆಲಸವನ್ನೇ ಆರಿಸಿಕೊಂಡೆ. ಹೋದ ವರ್ಷದ ಹಳೆ ಫೈಲುಗಳಿಂದ ಹೊಂದದ ಸಾಲುಗಳನ್ನು ತೆಗೆದು, ಎಲ್ಲಾ ಕಲಸಿ, ನಲವತ್ತು ನಲವತ್ತರ ಹಾಳೆ ಮಾಡಿಸಿದೆ. ಹಳೆಯವು ಯಾಕೆ ಅಂದರೆ, ಪರೀಕ್ಷೆ ಮಾಡಲು ಹೋಗಿ ಯಾರದೋ ಈಗಿನ ಲೆಕ್ಕ ಕೆಡಬಾರದು. ಹನ್ನೆರಡು ಕೆಲಸದ ದಿನ, ದಿನಕ್ಕೆ ನಾಲ್ಕು ಹೊತ್ತು ಒಂದೊಂದು ಹಾಳೆ. ಮುಂಜಾನೆ ಏಳೂವರೆ, ಹನ್ನೊಂದೂವರೆ, ಮಧ್ಯಾಹ್ನ ಮೂರು, ರಾತ್ರಿ ಹತ್ತೂವರೆ. ಹಾಳೆ ಶುರು ಮಾಡುವ ಮೊದಲೇ ಮೂಲೆಯಲ್ಲಿ ಒಂದು ಅಂಕಿ ಬರೆಯಬೇಕು. ಈಗ ಎಷ್ಟು ಚುರುಕು ಅನಿಸುತ್ತಿದೆ, ಒಂದರಿಂದ ಐದರೊಳಗೆ. ಮುಗಿದ ಮೇಲೆ ಎಷ್ಟು ನಿಮಿಷ ಹಿಡಿಯಿತು ಅಂತ ಬರೆಯಬೇಕು. ಮರುದಿನ ಹುಡುಗ ಅವನ್ನು ತಿದ್ದುತ್ತಿದ್ದ. ಯಾವ ಹಾಳೆ ಯಾವ ಹೊತ್ತಿನದು ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೂರು ಗಂಟೆಯ ಹಾಳೆಯಲ್ಲಿ ಜಾಸ್ತಿ ಹುಡುಕುತ್ತಿದ್ದ, ಅಲ್ವಾ?

ಒಂದೊಂದು ಹೊತ್ತಿಗೆ ಒಟ್ಟು 480 ಸಾಲು ಆದವು. ಏಳೂವರೆಗೆ ತಪ್ಪಿದ್ದು 4. ಹನ್ನೊಂದೂವರೆಗೆ 5. ಮೂರು ಗಂಟೆಗೆ 16. ಇಲ್ಲಿಯವರೆಗೆ ನಾನು ಎಣಿಸಿದ ಹಾಗೇ ಇತ್ತು. ಮೂರು ಗಂಟೆಗೆ ಚುರುಕಿನ ಅಂಕಿಯೂ ಹೆಚ್ಚು ಸಲ 2 ಅಂತಲೇ ಬರೆದಿದ್ದೆ. ರಾತ್ರಿ ಹತ್ತೂವರೆಯದು ನೋಡಿ: ಚುರುಕು 4, ಹಾಳೆ ಮುಗಿಸಿದ್ದು ಸರಾಸರಿ 22 ನಿಮಿಷದಲ್ಲಿ, ನಾಲ್ಕರಲ್ಲೂ ಅದೇ ಬೇಗ. ತಪ್ಪು 19.

ಹುಡುಗ ಹಾಳೆ ಹಿಡಿದುಕೊಂಡು ಬಂದು, "ಸರ, ಇದು ಮಧ್ಯಾಹ್ನದ್ದು ಇರಬೇಕ್ರಿ" ಅಂದ. ನಾನು ಹಿಂದೆ ತಿರುಗಿಸಿ ನೋಡಿದೆ. ರಾತ್ರಿಯದು.

ಮುಂಜಾನೆಯ ಚುರುಕಿನ ಅಂಕಿ ಎಷ್ಟಿತ್ತು ಅಂದುಕೊಂಡಿರಿ? 3. ಅಂದರೆ ನನ್ನ ಎಲ್ಲಕ್ಕಿಂತ ಒಳ್ಳೆ ಹೊತ್ತು ನನಗೆ ಸಾಧಾರಣ ಅನಿಸಿತ್ತು, ಎಲ್ಲಕ್ಕಿಂತ ಕೆಟ್ಟ ಹೊತ್ತು ಭಾರಿ ಅನಿಸಿತ್ತು.

ಇದು ಯಾಕೆ ಹೀಗೆ? ಆಮೇಲೆ ಓದಿ ತಿಳಿದುಕೊಂಡದ್ದನ್ನು ಸಾದಾ ಮಾತಿನಲ್ಲಿ ಹೇಳುತ್ತೇನೆ. ಅಲೆಕ್ಸಾಂಡರ್ ಬೋರ್ಬೆಲಿ ಅನ್ನೋ ವಿಜ್ಞಾನಿ 1982ರಲ್ಲಿ ಒಂದು ವಿವರಣೆ ಕೊಟ್ಟರು, ನಿದ್ದೆಯ ಬಗ್ಗೆ ಓದುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಮ್ಮೊಳಗೆ ಎರಡು ಲೆಕ್ಕ ಒಟ್ಟಿಗೆ ನಡೆಯುತ್ತವೆ. ಒಂದು ಸಾಲದ ಲೆಕ್ಕ. ಎದ್ದ ಕ್ಷಣದಿಂದ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ, ಮಲಗಿದಾಗ ಮಾತ್ರ ತೀರುತ್ತದೆ. ಇನ್ನೊಂದು ಮಿದುಳಿನ ಒಳಗಿನ ಗಡಿಯಾರ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಒಂದು ಸಣ್ಣ ಗಂಟಿದೆ, ಅದೇ ಆ ಗಡಿಯಾರ. ಬೆಳಕು ನೋಡಿ ಅದು ದಿನಾ ತನ್ನ ಸಮಯ ಸರಿ ಮಾಡಿಕೊಳ್ಳುತ್ತದೆ. ಹಗಲಿನಲ್ಲಿ ಸಾಲ ಏರಿದಷ್ಟೂ ಈ ಗಡಿಯಾರ ಎಚ್ಚರದ ಕಡೆ ತಳ್ಳುತ್ತದೆ, ಅದಕ್ಕೇ ನಾವು ರಾತ್ರಿಯ ತನಕ ನಿಲ್ಲುತ್ತೇವೆ. ಈ ತಳ್ಳು ಸಂಜೆ ಕಡೆಗೆ ಜೋರಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಾಲ ಸಾಕಷ್ಟು ಏರಿರುತ್ತದೆ, ತಳ್ಳು ಇನ್ನೂ ಪೂರ್ತಿ ಬಂದಿರುವುದಿಲ್ಲ. ಆ ಸಂದಿಯಲ್ಲೇ ತೂಕಡಿಕೆ ಬರೋದು.

ನಮ್ಮ ಕಡೆ ಇದನ್ನು ಊಟದ ತಲೆಗೆ ಕಟ್ಟುತ್ತೇವೆ. ಎರಡು ರೊಟ್ಟಿ ಜಾಸ್ತಿ ಆಯ್ತು, ಅದಕ್ಕೆ ಅಂತ. ಭಾರಿ ಊಟ ಅದನ್ನು ಹೆಚ್ಚು ಮಾಡುತ್ತದೆ, ನಿಜ. ಆದರೆ ಊಟ ಮಾಡದವರಲ್ಲೂ ಈ ಇಳಿತ ಕಾಣಿಸುತ್ತದೆ. ಹಾಗಾಗಿ ಮೂರು ಗಂಟೆಗೆ ತೂಕಡಿಸುವ ಹುಡುಗನನ್ನು ಸೋಮಾರಿ ಅಂತ ಬೈಯುವುದನ್ನು ನಾನು ಬಿಟ್ಟಿದ್ದೇನೆ. ನಮ್ಮೂರಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದಾಗ, ಮೇಲೆ ಕರೆಂಟೂ ಹೋದಾಗ ಆ ಹೊತ್ತು ಇನ್ನೂ ಉದ್ದ ಆಗುತ್ತದೆ. ನಾನು ಲೆಕ್ಕ ಇಟ್ಟದ್ದು ಚಳಿಗಾಲದಲ್ಲಿ. ಚಳಿಗಾಲದ ಲೆಕ್ಕವನ್ನು ಮೇ ತಿಂಗಳಿಗೆ ಹಚ್ಚಬೇಡಿ, ಬೇಸಿಗೆಯಲ್ಲಿ ಮತ್ತೆ ನಾಲ್ಕು ದಿನ ನೋಡಿಕೊಳ್ಳಿ.

ಈಗ ರಾತ್ರಿಯ ವಿಷಯ. ನಾನು ಐದೂವರೆಗೆ ಏಳುವವನು. ರಾತ್ರಿ ಹತ್ತೂವರೆ ಅಂದರೆ ಎದ್ದು ಹದಿನೇಳು ತಾಸು. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು, ಡಾಸನ್ ಮತ್ತು ರೀಡ್, ಒಂದು ಹೋಲಿಕೆ ಮಾಡಿದರು. ಒಂದು ಸಲ ನಿದ್ದೆಗೆಡಿಸಿ, ಇನ್ನೊಂದು ಸಲ ಅಳತೆಯಾಗಿ ಮದ್ಯ ಕೊಟ್ಟು, ಕಣ್ಣು ಮತ್ತು ಕೈ ಸೇರಿ ಮಾಡುವ ಒಂದೇ ಕೆಲಸವನ್ನು ಮಾಡಿಸಿದರು. ಹದಿನೇಳು ತಾಸು ಎಚ್ಚರ ಇದ್ದವರ ಕೆಲಸ, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದಾಗಿನ ಮಟ್ಟಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03. ಈ ಅಂಕಿ ಓದಿದ ದಿನ ನಾನು ಸುಮ್ನೆ ಕೂತುಬಿಟ್ಟೆ. ಆ ಸ್ಥಿತಿಯಲ್ಲಿ ನಾನು ಇನ್ನೊಬ್ಬರ ತೆರಿಗೆ ಲೆಕ್ಕಕ್ಕೆ ಕೈ ಹಾಕುತ್ತಿದ್ದೆ.

ಹಾಗಾದರೆ ಚುರುಕು ಅನಿಸಿದ್ದು ಯಾಕೆ? ಒಂದು, ಮಲಗುವ ಹೊತ್ತಿಗೆ ಎರಡು ಮೂರು ತಾಸು ಮೊದಲು ಒಳಗಿನ ಗಡಿಯಾರದ ತಳ್ಳು ಎಲ್ಲಕ್ಕಿಂತ ಜೋರಾಗಿರುತ್ತದೆ. ಸಾಲ ಇದ್ದರೂ ಕಣ್ಣು ಮುಚ್ಚುವುದಿಲ್ಲ. ಎರಡು, ಚಹಾ. ದಿನವಿಡೀ ಮಿದುಳಿನಲ್ಲಿ ಅಡೆನೋಸಿನ್ ಅನ್ನೋ ವಸ್ತು ಕೂಡುತ್ತದೆ, ನಿದ್ದೆ ಬರಿಸೋದು ಅದೇ. ಚಹಾದ ಕೆಫೀನ್ ಅದನ್ನು ತೆಗೆದು ಹಾಕುವುದಿಲ್ಲ, ಅದು ಹೋಗಿ ಕೂರುವ ಜಾಗಕ್ಕೆ ಅಡ್ಡ ನಿಲ್ಲುತ್ತದೆ ಅಷ್ಟೆ. ಸಾಲ ಹಾಗೇ ಇರುತ್ತದೆ, ಸಾಲ ಕೊಟ್ಟವನು ಬಾಗಿಲು ಬಡಿಯುವ ಸದ್ದು ಮಾತ್ರ ಕೇಳಿಸುವುದಿಲ್ಲ. ಸಂಜೆ ಐದಕ್ಕೆ ಕುಡಿದ ಕೆಫೀನಿನ ಸುಮಾರು ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಮೂರನೆಯದು ನಿಶ್ಶಬ್ದ. ಯಾರೂ ಅಡ್ಡ ಬರದಿದ್ದರೆ ಅದನ್ನೇ ನಾವು ಏಕಾಗ್ರತೆ ಅಂದುಕೊಳ್ಳುತ್ತೇವೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ. ಆ ದಿನಗಳಲ್ಲಿ ನಾನು ಹನ್ನೆರಡಕ್ಕೆ ಮಲಗಿ ಐದೂವರೆಗೆ ಏಳುತ್ತಿದ್ದೆ. 2003ರಲ್ಲಿ ವ್ಯಾನ್ ಡಾಂಗನ್ ಮತ್ತು ಅವರ ಜೊತೆಯವರು ಪ್ರಕಟಿಸಿದ ಒಂದು ಅಧ್ಯಯನ ಇದೆ. ಎರಡು ವಾರ ದಿನಕ್ಕೆ ಆರೇ ತಾಸು ನಿದ್ದೆಗೆ ಬಿಟ್ಟಾಗ ಜನರ ಗಮನದ ತಪ್ಪುಗಳು ದಿನದಿಂದ ದಿನಕ್ಕೆ ಏರುತ್ತಲೇ ಹೋದವು. ಆದರೆ ಎಷ್ಟು ನಿದ್ದೆ ಬರುತ್ತಿದೆ ಅಂತ ಕೇಳಿದರೆ, ಮೊದಲ ಕೆಲವು ದಿನ ಬಿಟ್ಟು ಅವರ ಉತ್ತರ ಅಷ್ಟಾಗಿ ಏರಲಿಲ್ಲ. ಕೆಲಸ ಕೆಡುತ್ತಿತ್ತು, ಕೆಡುತ್ತಿದೆ ಅನ್ನೋದು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಹಾಳೆಗಳ ಮೂಲೆಯಲ್ಲಿದ್ದ 4 ಅನ್ನೋ ಅಂಕಿಗೆ ಇದೇ ಅರ್ಥ.

ಅದಕ್ಕೇ ನಿಮಗೆ ನನ್ನ ಒಂದೇ ಕೋರಿಕೆ. ನಿಮ್ಮ ಒಳ್ಳೆ ಹೊತ್ತು ಯಾವುದು ಅಂತ ಮನಸ್ಸನ್ನು ಕೇಳಬೇಡಿ, ತಪ್ಪನ್ನು ಎಣಿಸಿ. ಮತ್ತು ಎಣಿಸುವ ವಾರಗಳಲ್ಲಿ ಸಾಕಷ್ಟು ನಿದ್ದೆ ಮಾಡಿ. ನಾನು ಇಲ್ಲೇ ಎಡವಿದ್ದೆ. ನಿದ್ದೆ ಕಡಿಮೆ ಇದ್ದಾಗ ಲೆಕ್ಕ ಇಟ್ಟರೆ ನಿಮಗೆ ಸಿಗೋದು ನಿಮ್ಮ ಗಡಿಯಾರದ ಚಿತ್ರ ಅಲ್ಲ, ನಿಮ್ಮ ಸಾಲದ ಚಿತ್ರ. ಅದನ್ನು ಗುರುತಿಸೋದು ಹೇಗೆ? ನಾಲ್ಕೂ ಹೊತ್ತಿನ ತಪ್ಪು ಹೆಚ್ಚುಕಡಿಮೆ ಒಂದೇ ಬಂದರೆ, ಅಥವಾ ವಾರ ಕಳೆದ ಹಾಗೆ ಎಲ್ಲಾ ಹೊತ್ತಿನಲ್ಲೂ ತಪ್ಪು ಏರುತ್ತಾ ಹೋದರೆ, ಮೊದಲು ನಿದ್ದೆ ಸರಿ ಮಾಡಿಕೊಂಡು ಆಮೇಲೆ ಎಣಿಸಬೇಕು. ನಾನು ಏಳು ತಾಸು ಮಲಗಲು ಶುರು ಮಾಡಿದ ಮೇಲೆ ಇನ್ನೊಂದು ವಾರ ನೋಡಿದೆ. ರಾತ್ರಿಯ ತಪ್ಪು ಇಳಿಯಿತು, ಆದರೂ ಮುಂಜಾನೆಯ ಮಟ್ಟಕ್ಕೆ ಬರಲಿಲ್ಲ. ಮೂರು ಗಂಟೆಯ ಇಳಿತ ಹಾಗೇ ಉಳಿಯಿತು.

ನನ್ನ ಹೊತ್ತು ಸಿಕ್ಕ ಖುಷಿಯಲ್ಲಿ ನಾನು ಒಂದು ಅನ್ಯಾಯ ಮಾಡಿದೆ, ಅದನ್ನೂ ಹೇಳಬೇಕು. ಆಫೀಸಿನ ಹುಡುಗನಿಗೆ, "ನಾಳೆಯಿಂದ ನೀನೂ ಏಳೂವರೆಗೆ ಬಾ" ಅಂದೆ. ಅವನಿಗೆ ಇಪ್ಪತ್ಮೂರು ವರ್ಷ. ಪಾಪ, ಬಂದ. ಅವನ ಹಾಳೆಗಳನ್ನು ತಿದ್ದಿದರೆ ಏಳೂವರೆಯವೇ ಎಲ್ಲಕ್ಕಿಂತ ಕೆಟ್ಟವು. ಹನ್ನೊಂದೂವರೆಗೆ ಚೆನ್ನಾಗಿತ್ತು, ಸಂಜೆ ಆರರ ಮೇಲೆ ಇನ್ನೂ ಚೆನ್ನಾಗಿತ್ತು.

ಜನರ ಗಡಿಯಾರಗಳು ಒಂದೇ ಸಮಯ ತೋರಿಸುವುದಿಲ್ಲ. ಹದಿಹರೆಯದಿಂದ ಇಪ್ಪತ್ತರ ಆಸುಪಾಸಿನವರೆಗೆ ಅವು ತಡವಾಗುತ್ತಾ ಹೋಗುತ್ತವೆ, ಆಮೇಲೆ ವಯಸ್ಸಿನ ಜೊತೆ ಮತ್ತೆ ಬೇಗದ ಕಡೆ ಬರುತ್ತವೆ. ಜರ್ಮನಿಯ ಟಿಲ್ ರೋನೆಬರ್ಗ್ ಇದನ್ನು ಅಳೆಯಲು ಸುಲಭದ ದಾರಿ ತೋರಿಸಿದ್ದಾರೆ. ರಜೆಯಲ್ಲಿ, ಯಾರೂ ಎಬ್ಬಿಸದೆ ಇದ್ದಾಗ, ನೀವು ಮಲಗಿದ್ದಕ್ಕೂ ಎದ್ದದ್ದಕ್ಕೂ ಸರಿಯಾಗಿ ಮಧ್ಯದಲ್ಲಿ ಬರುವ ಗಂಟೆ ಯಾವುದು ನೋಡಿ. ನಮ್ಮ ಹುಡುಗ ದಸರಾ ರಜೆಯಲ್ಲಿ ಒಂದಕ್ಕೆ ಮಲಗಿ ಒಂಬತ್ತಕ್ಕೆ ಏಳುತ್ತಿದ್ದ. ಮಧ್ಯದ ಗಂಟೆ ಐದು. ಕೆಲಸದ ದಿನ ಹನ್ನೆರಡೂವರೆಗೆ ಮಲಗಿ ಆರೂವರೆಗೆ ಏಳುತ್ತಿದ್ದ, ಮೂರೂವರೆ. ಒಂದೂವರೆ ತಾಸಿನ ಅಂತರ. ದಿನಾ ಅವನನ್ನು ಒಂದೂವರೆ ತಾಸು ಮುಂದಿರುವ ಊರಿಗೆ ಕಳಿಸಿ ಕೆಲಸ ಮಾಡಿಸಿದ ಹಾಗೆ ಅದು. ಒಂದು ಎಚ್ಚರಿಕೆ: ಬರೀ ಒಂದು ಭಾನುವಾರ ನೋಡಬೇಡಿ. ವಾರದ ಬಾಕಿ ನಿದ್ದೆ ಅವತ್ತೇ ತೀರುತ್ತಿರುತ್ತದೆ, ಏಳೋದು ಸುಮ್ನೆ ತಡ ಆಗುತ್ತದೆ. ರಜೆಯ ಮೂರನೇ ದಿನದಿಂದ ನೋಡಿದರೆ ಸರಿ.

ಈಗ ಅವನು ಹತ್ತಕ್ಕೆ ಬರುತ್ತಾನೆ. ತಾಳೆ ನೋಡುವ ಕೆಲಸ ಹನ್ನೊಂದರ ಮೇಲೆ ಮಾಡುತ್ತಾನೆ.

ಆಫೀಸಿನ ದಿನ ಹೇಗೆ ಬದಲಾಯಿತು ಅಂದರೆ, ಬಹಳ ಏನೂ ಬದಲಾಗಲಿಲ್ಲ. ಒಂದೇ ಕೆಲಸದ ಜಾಗ ಬದಲಾಯಿತು. ಮೊದಲು ತಾಳೆ ನೋಡೋದು 18, 19ರ ರಾತ್ರಿ. ಈಗ 15, 16, 17ರ ಮುಂಜಾನೆ, ಏಳೂವರೆಯಿಂದ ಒಂಬತ್ತೂವರೆ. ಶಟರ್ ಅರ್ಧ ಇಳಿಸಿ, ಫೋನ್ ಒಳಗಿನ ಕೋಣೆಯಲ್ಲಿ ಬಿಟ್ಟು ಕೂರುತ್ತೇನೆ. ಮೂರು ದಿನಕ್ಕೆ ಆರು ತಾಸು. ಹನ್ನೊಂದೂವರೆಯ ಹೊತ್ತೂ ನನಗೆ ಒಳ್ಳೆಯದೇ, ಆದರೆ ಅದು ಗಿರಾಕಿಗಳ ಹೊತ್ತು, ಅವರನ್ನು ನಿಲ್ಲಿಸಲು ಆಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಬಿಲ್ಲು ಸ್ಕ್ಯಾನ್ ಮಾಡೋದು, ಬಾರದ ಬಿಲ್ಲಿಗೆ ಫೋನ್ ಮಾಡೋದು, ಕಾಗದ ಫೈಲಿಗೆ ಹಾಕೋದು. ಅಲ್ಲಿ ತಪ್ಪಾದರೂ ಕೈಗೆ ಸಿಗುವ ತಪ್ಪು. ಊಟದ ಮೇಲೆ ಇಪ್ಪತ್ತು ನಿಮಿಷ ಚಾಪೆ ಹಾಸಿ ಅಡ್ಡ ಆಗುತ್ತೇನೆ, ಅಲಾರಂ ಇಟ್ಟೇ. ಮುಕ್ಕಾಲು ತಾಸು ಮಲಗಿದರೆ ನಿದ್ದೆ ಆಳಕ್ಕೆ ಇಳಿದು, ಎದ್ದ ಮೇಲೆ ಅರ್ಧ ತಾಸು ಮಂಕು ಬಿಡುವುದಿಲ್ಲ. ಅದೇ ಕಾರಣಕ್ಕೆ ಮುಂಜಾನೆಯೂ ಎದ್ದ ತಕ್ಷಣ ಲೆಕ್ಕಕ್ಕೆ ಕೂರುವುದಿಲ್ಲ. ನನಗೆ ಐದೂವರೆಗೆ ಎದ್ದರೆ ಏಳೂವರೆ ಆಗಲೇಬೇಕು.

ರಾತ್ರಿ ಕೆಲಸ ಪೂರ್ತಿ ನಿಂತಿದೆಯಾ? ಇಲ್ಲ. ಪೋರ್ಟಲ್ ಕೈ ಕೊಟ್ಟಾಗ, ವ್ಯಾಪಾರಿ 19ಕ್ಕೆ ಬಿಲ್ಲಿನ ಚೀಲ ತಂದಾಗ ರಾತ್ರಿ ಕೂರಲೇಬೇಕಾಗುತ್ತದೆ. ಆಗ ಟೈಪ್ ಮಾಡಿ ಇಟ್ಟು ಮಲಗುತ್ತೇನೆ. ಫೈಲ್ ಬಟನ್ ಮುಂಜಾನೆ ಒತ್ತುತ್ತೇನೆ. 20ರ ಮುಂಜಾನೆಯೂ ಗಡುವಿನ ಒಳಗೇ ಇದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತರು. ಮನೆಯಲ್ಲೇ ಬ್ಲೌಸ್ ಹೊಲಿಯುವವರು.

"ಸರ, ನೀವು ಮುಂಜಾನೆ ಅಂತೀರಿ. ನನ್ನ ಮುಂಜಾನೆ ರೊಟ್ಟಿ ಬಡಿಯೂದ್ರಾಗ, ಹುಡುಗರ ಡಬ್ಬಿ ಕಟ್ಟೂದ್ರಾಗ ಹೋಗ್ತದ. ನಾನೇನು ಮಾಡ್ಲಿ?"

ಪ್ರಶ್ನೆ ನ್ಯಾಯವಾದದ್ದು. ನನಗೆ ಮುಂಜಾನೆ ಸಿಕ್ಕಿದೆ ಅಂದರೆ ಮನೆಯಲ್ಲಿ ಯಾರೋ ಅದನ್ನು ನನಗೆ ಬಿಟ್ಟುಕೊಟ್ಟಿದ್ದಾರೆ ಅಂತಲೇ ಅರ್ಥ. ಅವತ್ತು ಅದನ್ನು ಎಲ್ಲರ ಮುಂದೆ ಒಪ್ಪಿಕೊಂಡೆ. ಆಮೇಲೆ ಅವರನ್ನೇ ಕೇಳಿದೆ, "ಅಕ್ಕಾರ, ನಿಮ್ಮ ಕೆಲಸದಾಗ ತಪ್ಪಾದ್ರ ತಿರುಗಿ ಸರಿ ಮಾಡಾಕ ಬರಲಾರದ್ದು ಯಾವ್ದು?"

"ಕಟಿಂಗ್ ರಿ. ಹೊಲಿಗಿ ಬಿಚ್ಚಬಹುದು, ಕತ್ತರಿಸಿದ್ದು ಕೂಡಂಗಿಲ್ಲ. ಹೋದ ತಿಂಗಳ ಎರಡೂ ತೋಳು ಒಂದ ಕಡಿಗೆ ಕತ್ತರಿಸಿಬಿಟ್ಟೆ. ಎರಡೂ ಎಡಕ್ಕ. ಅರಿವಿ ಅವರದು, ಇಳಕಲ್ ಸೀರಿಯ ಖಣ. ಎಲ್ಲಿಂದ ತರ್ಲಿ?"

"ಎಷ್ಟೊತ್ತಿನ್ಯಾಗ ಕತ್ತರಿಸಿದ್ರಿ?"

ಸ್ವಲ್ಪ ಯೋಚಿಸಿ, "ಹುಡುಗರು ಸಾಲಿಯಿಂದ ಬರೂಕ್ಕಿಂತ ಮೊದ್ಲ. ಮೂರೂವರಿ ಇರಬೇಕು" ಅಂದರು.

ಅವರ ದಿನವನ್ನು ಅಲ್ಲೇ ಕೂತು ಬಿಡಿಸಿ ನೋಡಿದೆವು. ಹತ್ತೂವರೆಗೆ ಮನೆ ಖಾಲಿ ಆಗುತ್ತದೆ. ಆಗ ಅವರು ಮೊದಲು ಭಾಂಡೆ ತಿಕ್ಕಿ, ಅರಿವೆ ಒಗೆದು, ಊಟ ಮಾಡಿ ಆಮೇಲೆ ಹೊಲಿಗೆಗೆ ಕೂರುತ್ತಾರೆ. ಅಂದರೆ ಮನೆ ಶಾಂತ ಇರುವ ಒಳ್ಳೆ ಹೊತ್ತು ಭಾಂಡೆಗೆ ಹೋಗುತ್ತಿತ್ತು, ಕತ್ತರಿ ಮಧ್ಯಾಹ್ನದ ಇಳಿತಕ್ಕೆ ಸಿಗುತ್ತಿತ್ತು. ಭಾಂಡೆ ತಿಕ್ಕುವಾಗ ತೂಕಡಿಕೆ ಬಂದರೆ ಏನೂ ಕೆಡುವುದಿಲ್ಲ. ಹತ್ತೂವರೆಯಿಂದ ಒಂದು ತಾಸು ಅವತ್ತಿನ ಕಟಿಂಗ್ ಎಲ್ಲಾ ಮುಗಿಸಿ, ಒಂದೊಂದು ಬ್ಲೌಸಿನ ತುಂಡುಗಳನ್ನು ಗಂಟು ಕಟ್ಟಿ ಇಟ್ಟು, ಆಮೇಲೆ ಮನೆಕೆಲಸ ಅಂತ ಮಾತಾಯಿತು. ಒಂದು ಚೀಟಿಯ ಮೇಲೆ ಕತ್ತರಿಸಿದ ಹೊತ್ತು ಬರೆದು ಅದೇ ಗಂಟಿಗೆ ಸಿಕ್ಕಿಸಲು ಹೇಳಿದೆ. ಬ್ಲೌಸು ತಿದ್ದುಪಡಿಗೆ ವಾಪಸ್ ಬಂದರೆ ಚೀಟಿ ನೋಡಬೇಕು.

ಮೂರು ವಾರ ಬಿಟ್ಟು ಫೋನ್ ಮಾಡಿದ್ದರು. ಕಟಿಂಗ್ ಹನ್ನೊಂದೂವರೆಗೇ ಮುಗಿಯುತ್ತಿದೆಯಂತೆ. ಮಧ್ಯಾಹ್ನ ಹುಕ್ಕು, ಕಾಜಾ, ಫಾಲ್. ಎರಡು ಬ್ಲೌಸು ವಾಪಸ್ ಬಂದಿದ್ದವು. ಒಂದರ ಚೀಟಿಯಲ್ಲಿ ಹನ್ನೊಂದು ಅಂತ ಇತ್ತು, ಇನ್ನೊಂದರಲ್ಲಿ ನಾಲ್ಕು. "ನಾಲ್ಕರದು ಅರ್ಜೆಂಟ್ ಐತಿ ಅಂತ ಕೂತಿದ್ದೆ ರಿ. ಹನ್ನೊಂದರದು ಅಳತಿನ ಅವರು ತಪ್ಪು ಕೊಟ್ಟಿದ್ರು" ಅಂದರು.